ಬೆಳಗಿನ ಐದು ಗಂಟೆಯ ಟೋಕನ್

ಷೇರು ಖಾತೆ ನನ್ನ ಹೆಂಡತಿಯ ಹೆಸರಲ್ಲಿತ್ತು. ದುಡ್ಡೂ ಅವಳದೇ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಬ್ಲೌಸ್ ಹೊಲಿದು ಕೂಡಿಟ್ಟದ್ದು, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಗೆ ಅಡ್ವಾನ್ಸ್ ಕೊಡಬೇಕೆಂದು. ಬ್ಯಾಂಕಿನಲ್ಲಿ ಸುಮ್ಮನೆ ಕೂತರೆ ಏನು ಬೆಳೆಯುತ್ತದೆ ಎಂದು ಅದನ್ನು ಷೇರಿಗೆ ಹಾಕಿಸಿದವನು ನಾನು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಮೆಷಿನ್ ಪ್ರೋಗ್ರಾಂ ಬರೆಯುವವನಿಗೆ ಇದೇನು ದೊಡ್ಡದು ಎಂಬ ಜಂಬ ನನಗೆ ಧಾರಾಳವಾಗಿತ್ತು.

ಷೇರಿನ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ತಾನಾಗಿ ಮಾರಿಬಿಡುವಂತೆ ಮೊದಲೇ ಆರ್ಡರ್ ಹಾಕಿಡಬಹುದು. ಆದರೆ ನಾನು ಹಾಕುತ್ತಿದ್ದ ಆರ್ಡರ್ ಆ ದಿನಕ್ಕಷ್ಟೇ. ಸಂಜೆ ರದ್ದಾಗುತ್ತಿತ್ತು, ಮಾರನೆಯ ದಿನ ಮತ್ತೆ ಹಾಕಬೇಕು. ಅದಕ್ಕೇ ದಿನಾ ಒಂಬತ್ತು ಇಪ್ಪತ್ತಕ್ಕೆ ಓಡುವ ಒಂದು ಪ್ರೋಗ್ರಾಂ ಬರೆದು ಬಾಡಿಗೆ ಸರ್ವರಿನಲ್ಲಿಟ್ಟಿದ್ದೆ. ಅದಕ್ಕೆ ಬ್ರೋಕರ್ ಕಂಪನಿಯ ಟೋಕನ್, ಅಂದರೆ ಖಾತೆಯೊಳಗೆ ಬಿಡುವ ಡಿಜಿಟಲ್ ಚೀಟಿ ಬೇಕು, ಆ ಟೋಕನ್ ಪ್ರತಿದಿನ ಸಾಯುತ್ತದೆ. ಹೊಸದು ಬೇಕೆಂದರೆ ಮನುಷ್ಯರೇ ಲಾಗಿನ್ ಆಗಬೇಕು: ಪಾಸ್‌ವರ್ಡ್, ಆಮೇಲೆ ಅವಳ ಫೋನಿನ ಆ್ಯಪ್ ತೋರಿಸುವ ಆರಂಕಿಯ ಕೋಡ್. ಅಷ್ಟು ಮಾಡಿದರೆ ಉಳಿದದ್ದನ್ನು ನನ್ನ ಪ್ರೋಗ್ರಾಂ ನೋಡಿಕೊಳ್ಳುತ್ತಿತ್ತು.

ಜನರಲ್ ಶಿಫ್ಟ್ ಇದ್ದ ವಾರ ಎಂಟು ಗಂಟೆಗೆ ನಾನೇ ಮಾಡುತ್ತಿದ್ದೆ. ಫಸ್ಟ್ ಶಿಫ್ಟಿನ ವಾರ ಆರಕ್ಕೇ ಒಳಗಿರಬೇಕು, ಫೋನನ್ನು ಗೇಟಿನ ಲಾಕರಿನಲ್ಲಿ ಇಡಬೇಕು. ಆ ವಾರಗಳಲ್ಲಿ ಅವಳು ಮಾಡುತ್ತಿದ್ದಳು. ವರ್ಷಕ್ಕೂ ಮೇಲೆ ಹಾಗೆ ನಡೆಯಿತು. ಒಮ್ಮೆಯೂ ನಾನು ಅದನ್ನು ಕೆಲಸವೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ದಿನ ಮಗಳಿಗೆ ಜ್ವರ ಬಂದು ಆಸ್ಪತ್ರೆಗೆ ಓಡಿದ ಗಡಿಬಿಡಿಯಲ್ಲಿ ಅವಳು ಮರೆತಳು. ಆ ದಿನ ಬೆಲೆ ಅಲುಗಲೂ ಇಲ್ಲ, ಏನೂ ನಷ್ಟವಾಗಲಿಲ್ಲ. ಆದರೂ ಅಂದೆ. ಎರಡು ನಿಮಿಷದ ಕೆಲಸವೂ ನಿನ್ನ ಕೈಲಾಗದು, ನಾಳೆಯಿಂದ ಮುಟ್ಟಬೇಡ, ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಮೊಮ್ಮಗಳನ್ನು ನೋಡಲು ಬಂದಿದ್ದ ನನ್ನ ಅತ್ತೆಯೂ ಅಲ್ಲೇ ಕೂತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನೂ ಶಾಲೆಯಲ್ಲಿ ಬಾಯಿಪಾಠ ಮಾಡಿದವನೇ.

ಮಾರನೆಯ ಬೆಳಿಗ್ಗೆ ಐದಕ್ಕೆ, ಹೊರಡುವ ಮುಂಚೆ, ಅವಳ ಫೋನ್ ತೆಗೆದುಕೊಂಡು ಲಾಗಿನ್ ಆದೆ. ಅವಳು ನನ್ನ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು.

"ಇಷ್ಟ್ ಬೇಗ ಮಾಡಿದ್ರೆ ನಿಲ್ಲಲ್ಲ ಕಣ್ರೀ. ನಾನೊಂದ್ಸಲ ತೂಬಗೆರೆಗೆ ಮದುವೆಗೆ ಹೋಗೋವಾಗ ಮಾಡಿ, ಬಸ್ಸಲ್ಲಿ ಇನ್ನೊಂದ್ಸಲ ಮಾಡ್ಬೇಕಾಯ್ತು."

ಪರದೆಯ ಮೇಲೆ ಟೋಕನ್ ಸಿಕ್ಕಿದೆ, ಸರಿಯಿದೆ ಎಂದು ಬಂದಿತ್ತು. ಅದನ್ನೇ ಅವಳ ಮುಖದ ಮುಂದೆ ಹಿಡಿದು, ಪ್ರೋಗ್ರಾಂ ಬರೆದವನು ನಾನೋ ನೀನೋ ಎಂದು ಕೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ನಾನು ಬೈಕ್ ಹತ್ತಿದೆ.

ಒಂದು ದಿನದ ಟೋಕನ್ ಎಂದರೆ ಇಪ್ಪತ್ತನಾಲ್ಕು ಗಂಟೆ ಎಂದುಕೊಂಡಿದ್ದ ಮೂರ್ಖ ನಾನು. ನಮ್ಮ ಬ್ರೋಕರ್ ಬೆಳಿಗ್ಗೆ ಆರರ ಹೊತ್ತಿಗೆ ಹಳೆಯ ಟೋಕನ್‌ಗಳನ್ನೆಲ್ಲ ಅಳಿಸಿಹಾಕುತ್ತದೆ, ಒಂದು ಗಂಟೆ ಮೊದಲು ಪಡೆದದ್ದಾದರೂ ಅಷ್ಟೇ. ಎಂಟಕ್ಕೆ ಮಾಡುತ್ತಿದ್ದ ನನಗೆ ಅದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಒಂಬತ್ತು ಇಪ್ಪತ್ತಕ್ಕೆ ಪ್ರೋಗ್ರಾಂ ಎದ್ದು, ಟೋಕನ್ ಅಮಾನ್ಯವೆಂದು ಬೈಸಿಕೊಂಡು, ಆ ಸುದ್ದಿಯನ್ನು ನನ್ನ ಫೋನಿಗೆ ಕಳಿಸಿತು. ಫೋನ್ ಲಾಕರಿನಲ್ಲಿತ್ತು.

ಎರಡು ಗಂಟೆಗೆ ಹೊರಬಂದು ನೋಡಿದೆ. ನಾವು ಷೇರು ಕೊಂಡಿದ್ದ ಕಂಪನಿಯ ಲಾಭದ ಫಲಿತಾಂಶ ಕೆಟ್ಟು, ಹತ್ತು ಗಂಟೆಯಿಂದ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಆರ್ಡರ್ ಇದ್ದಿದ್ದರೆ ಮೊದಲ ಮೆಟ್ಟಿಲಲ್ಲೇ ಹೊರಬರುತ್ತಿದ್ದೆವು. ಗೇಟಿನ ಬಳಿ ನಿಂತು ಅವಳಿಗೆ ಫೋನ್ ಮಾಡಿ ಕೋಡ್ ಕೇಳಿದೆ. ಒಂದೊಂದೇ ಅಂಕಿ ಹೇಳಿದಳು. ಸಿಕ್ಕ ಬೆಲೆಗೆ ಮಾರಿದೆ. ಉಳಿದದ್ದರಲ್ಲಿ ಅಂಗಡಿಯ ಅಡ್ವಾನ್ಸ್ ಹುಟ್ಟುತ್ತಿರಲಿಲ್ಲ.

ಮನೆಗೆ ಬಂದವನು ತಪ್ಪಾಯಿತು ಎನ್ನಬೇಕಿತ್ತು. ಅದರ ಬದಲು, ನಿನಗೆ ಗೊತ್ತಿತ್ತಲ್ಲ, ಎಂಟು ಗಂಟೆಗೆ ಇನ್ನೊಮ್ಮೆ ಮಾಡಬಹುದಿತ್ತಲ್ಲ ಎಂದೆ. ಈಗಲೂ ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವಳು ಹೊಲಿಗೆ ನಿಲ್ಲಿಸಲಿಲ್ಲ. "ಎಂಟ್ ಗಂಟೆಗೆ ಫೋನ್ ಕೈಗೆ ತಗೊಂಡಿದ್ದೆ," ಎಂದಳು. "ಮುಟ್ಬೇಡ ಅಂದಿದ್ರಲ್ಲ. ಕೆಳಗಿಟ್ಬಿಟ್ಟೆ."

ಆ ವಾರವೇ ಅವಳು ಪಾಸ್‌ವರ್ಡ್ ಬದಲಾಯಿಸಿದಳು. ಹೊಸದು ಏನೆಂದು ಹೇಳಿಲ್ಲ. ಕೇಳುವ ಮುಖ ನನಗಿಲ್ಲ.