ಸಾಹೇಬರ ಉಸಿರಿನಷ್ಟು ವಾಕ್ಯ

"ನೋಡಿ... ಆಯ್ತಾ?" ಇಯರ್‌ಫೋನಿನಲ್ಲಿ ಎಂ.ಡಿ. ಸಾಹೇಬರು ಕೆಮ್ಮಿದರು. ಅವರ ಹಳೆಯ ಮೀಟಿಂಗಿನ ಧ್ವನಿಮುದ್ರಣವನ್ನು ಹೊಸ ಕಾರ್ಯದರ್ಶಿ ಏಳನೇ ಸಲ ಕೇಳುತ್ತಿದ್ದಳು. ಕಂಪನಿಯ ವಾರ್ಷಿಕೋತ್ಸವಕ್ಕೆಂದು ಅವಳು ಬರೆದುಕೊಟ್ಟ ಮೂರು ಭಾಷಣಗಳನ್ನೂ ಅವರು "ಇದು ನಾನಲ್ಲ" ಎಂದು ತಳ್ಳಿದ್ದರು. ಈ ನಾಲ್ಕನೆಯದೂ ಹೋದರೆ ಕೆಲಸವೂ ಹೋದಂತೆ.

'ಹೃತ್ಪೂರ್ವಕ', 'ಅವಿಸ್ಮರಣೀಯ' ಎಲ್ಲವನ್ನೂ ಹೊಡೆದುಹಾಕಿದಳು. ಅವರ ಒಂದು ಉಸಿರಿಗೆ ಸಿಗುವಷ್ಟೇ ವಾಕ್ಯ ಬರೆದಳು. ಅವರಂತೆಯೇ, ಹೊಗಳುವ ಮುನ್ನ ಬೈದಳು: 'ನೋಡಿ, ನಮ್ಮ ಕೆಲಸಗಾರರು ಶುದ್ಧ ಹಠಮಾರಿಗಳು. ಅದಕ್ಕೇ ಇನ್ನೂ ನಿಂತಿದ್ದೇವೆ, ಆಯ್ತಾ?'

ಸಾಹೇಬರು ಓದಿ ಹುಬ್ಬೇರಿಸಿದರು. "ಇದು ಮೊನ್ನೆ ನಾನೇ ಹೇಳಿ ಬರೆಸಿದ್ದಲ್ವೇನ್ರೀ? ನಿಮ್ಮದೆಲ್ಲಿ?"

"ಅದೇ ನಂದು ಸಾರ್. ಈಗಷ್ಟೇ ಬರೆದೆ."

"ಅಯ್ಯೋ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ವಿದ್ಯೆ? ನೋಡಿ, ನಾಳೆಯಿಂದ ನನ್ನ ಕಾಗದಗಳೂ ನೀವೇ ಬರೀಬೇಕು, ಆಯ್ತಾ? ಇನ್ನೊಂದು ವಿಷಯ..."

ಅವಳು ಬರೆದಿದ್ದ ಅದೇ 'ನೋಡಿ', ಅದೇ 'ಆಯ್ತಾ'! ಆ ವಿಷಯ ಮುಗಿಯುವ ಮೊದಲೇ ಅವಳು ನಗು ತಡೆಯಲಾರದೆ, ಬಾಯಿಗೆ ಫೈಲು ಒತ್ತಿಕೊಂಡು ಹೊರಗೆ ನಡೆದಿದ್ದಳು.