ವಾಲಿಯೋ, ಜರಾಸಂಧನೋ?

ಕೊರೋನಾ ಕಳೆದು ಕಚೇರಿಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ಮೈಸೂರಿನ ಒಂದು ವಸ್ತುಸಂಗ್ರಹಾಲಯದಲ್ಲಿ ನಾನು ಶಿಲ್ಪ ವಿಭಾಗದ ಕ್ಯುರೇಟರ್ ಆಗಿದ್ದೆ. ಮೇಟಗಳ್ಳಿಯ ಗೋದಾಮೊಂದರಲ್ಲಿ ಪೊಲೀಸರಿಗೆ ಸಿಕ್ಕ ಕದ್ದ ಕಲ್ಲೊಂದನ್ನು ತಂದು ನಮ್ಮ ಸ್ಟೋರಿನಲ್ಲಿ ಇಳಿಸಿದರು. ಹೊಯ್ಸಳರ ಕಾಲದ ಗುಡಿಯ ಹೊರಗೋಡೆಯಿಂದ ಕಿತ್ತ ಕಥಾಫಲಕ ಅದು.

ಅದು ತಮ್ಮದೆಂದು ಎರಡು ಹಳ್ಳಿಯವರು ಬಂದಿದ್ದರು. ಒಂದು ಊರಿನ ಪರವಾಗಿ, ಹಿಂದೆ ಬಸ್ ಕಂಡಕ್ಟರ್ ಆಗಿದ್ದ ಶಿವಣ್ಣ. ಅವರ ಗುಡಿಯ ಗೋಡೆಯಲ್ಲಿ ರಾಮಾಯಣದ ಸಾಲಿದೆ. ರಾಮ ಏಳು ತಾಳೆಮರಗಳನ್ನು ಒಂದೇ ಬಾಣದಿಂದ ಭೇದಿಸುವ ಫಲಕಕ್ಕೂ ಸುಗ್ರೀವನ ಪಟ್ಟಾಭಿಷೇಕಕ್ಕೂ ನಡುವೆ ಕಲ್ಲಿಲ್ಲ. ಇನ್ನೊಂದು ಊರಿನಿಂದ ಬಂದ ಜಯಮ್ಮ ಅಲ್ಲಿನ ಗುಡಿ ಸಮಿತಿಯವರು. ಅವರದು ಮಹಾಭಾರತದ ಸಾಲು. ಕೃಷ್ಣ, ಭೀಮ, ಅರ್ಜುನರು ಜರಾಸಂಧನ ಅರಮನೆಗೆ ಬರುವುದಕ್ಕೂ ರಾಜಸೂಯ ಯಾಗಕ್ಕೂ ನಡುವೆ ಖಾಲಿ. ಕಳ್ಳರು ಕಲ್ಲಿನ ಅಂಚುಗಳನ್ನು ಕತ್ತರಿಸಿದ್ದರು. ಎರಡೂ ಊರಿನವರು ಗೋಡೆಯ ತೂತಿಗೆ ಸಿಮೆಂಟ್ ಮೆತ್ತಿದ್ದರು. ಅಳತೆ ಹಿಡಿದು ತೀರ್ಮಾನಿಸುವಂತಿರಲಿಲ್ಲ. ಹಳೆಯ ಫೋಟೋ ಯಾರಲ್ಲೂ ಇರಲಿಲ್ಲ.

“ಮೇಡಂ, ಇದು ಯಾವ ಕಥೆ ಅಂತ ಒಂದು ರಿಪೋರ್ಟ್ ಕೊಟ್ಬುಡಿ, ಸಾಕು” ಎಂದರು ಇನ್ಸ್‌ಪೆಕ್ಟರ್.

ಸುಲಭದ ಕೆಲಸವೆಂದೇ ಕುಳಿತೆ. ನಡುವೆ ಇಬ್ಬರು ಹಿಡಿದುಕೊಂಡು ಕುಸ್ತಿಯಾಡುತ್ತಿದ್ದಾರೆ. ಬಲಗಡೆ ಒಂದು ಮರ, ಅದರ ಪಕ್ಕ ಇಬ್ಬರು ನಿಂತಿದ್ದಾರೆ. ವಾಲಿ ಸುಗ್ರೀವರ ಕಾಳಗವಾದರೆ ನಿಂತವರು ರಾಮ ಲಕ್ಷ್ಮಣರು. ಭೀಮ ಜರಾಸಂಧರದಾದರೆ ಕೃಷ್ಣಾರ್ಜುನರು. ಮುಖಗಳು ಸವೆದು ನುಣ್ಣಗಾಗಿದ್ದವು. ಕೋತಿಯೋ ಮನುಷ್ಯನೋ ತಿಳಿಯದು. ಹೊಯ್ಸಳ ಶಿಲ್ಪಿಗಳು ವಾನರರಿಗೂ ಕಿರೀಟ, ಹಾರ, ತೋಳಬಂದಿ ತೊಡಿಸುತ್ತಾರೆ. ನಿಂತವರಲ್ಲಿ ಒಬ್ಬನ ಕೈಯಲ್ಲಿ ಬಿಲ್ಲಿತ್ತು. ರಾಮನೆಂದು ಬರೆಯಲು ಹೊರಟವಳು ಪೆನ್ನು ಕೆಳಗಿಟ್ಟೆ. ಅರ್ಜುನನೂ ಬಿಲ್ಲುಗಾರನೇ. ಕಥೆಯಲ್ಲಿ ಆ ಮೂವರು ಬ್ರಾಹ್ಮಣ ವೇಷದಲ್ಲಿ, ಆಯುಧವಿಲ್ಲದೆ ಹೋದರೂ, ನೋಡುವವರು ಗುರುತಿಸಲಿ ಎಂದು ಶಿಲ್ಪಿ ಬಿಲ್ಲು ಕೊಟ್ಟಿರಬಹುದು. ಇನ್ನೊಬ್ಬನ ಕೈ ಮುಂದೆ ಚಾಚಿತ್ತು, ಆದರೆ ಬೆರಳುಗಳೇ ಇರಲಿಲ್ಲ. ಅಲ್ಲಿದ್ದದ್ದು ಬಾಣವೋ, ಭೀಮನಿಗೆ ಸನ್ನೆ ಮಾಡಲು ಕೃಷ್ಣ ಸೀಳಿ ತೋರಿಸಿದ ಕಡ್ಡಿಯೋ?

ಎಡ ಅಂಚಿನಲ್ಲಿ, ನೆಲದ ಮೇಲೆ ಚಾಚಿದ ಒಂದು ಕಾಲು ಉಳಿದಿತ್ತು. ಪ್ರದಕ್ಷಿಣೆ ಬರುವವರ ಬಲಗೈಗೆ ಗೋಡೆ ಇರುವುದರಿಂದ, ಗೋಡೆಗೆ ಎದುರಾಗಿ ನಿಂತರೆ ಕಥೆ ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಸಾಗುತ್ತದೆ. ಅಂದರೆ ಆ ಕಾಲು ಕಾಳಗದ ನಂತರದ್ದು. ಬಾಣ ತಗುಲಿ ಬಿದ್ದ ವಾಲಿಯದೇ? ಸೀಳಿ ಎಸೆದ ಜರಾಸಂಧನ ಅರ್ಧ ದೇಹದ್ದೇ? ನೋಡಿದಷ್ಟೂ ಗೊಂದಲ ಹೆಚ್ಚಿತು. ಬನ್ನಿಮಂಟಪದ ಮನೆಗೆ ಹೋದರೂ ಊಟದ ತಟ್ಟೆಯ ಮುಂದೆ ಅದೇ ಯೋಚನೆ.

ಶಿವಣ್ಣ ಮತ್ತೆ ಬಂದರು. “ಇಬ್ರೂ ಒಂದೇ ತರ ಅವ್ರೆ ಮೇಡಂ, ಯಾವನು ಯಾರು ಅಂತ ಎಂಗೆ ಹೇಳ್ತೀರಿ?” ಎಂದು ಬೇಸರದಿಂದ ಕೇಳಿದರು.

ಮತ್ತೆ ಕಲ್ಲಿನತ್ತ ತಿರುಗಿದೆ. ಅಷ್ಟು ದಿನವೂ ನಾನು ಇಬ್ಬರ ನಡುವಿನ ವ್ಯತ್ಯಾಸವನ್ನೇ ಹುಡುಕುತ್ತಿದ್ದೆ. ಭೀಮ ಜರಾಸಂಧರನ್ನು ಶಿಲ್ಪಿ ಅಚ್ಚು ಒತ್ತಿದಂತೆ ಒಂದೇ ಥರ ಏಕೆ ಕೆತ್ತುತ್ತಾನೆ? ವಾಲಿ ಸುಗ್ರೀವರಾದರೆ ಹಾಗೆಯೇ ಕೆತ್ತಬೇಕು. ಅಣ್ಣ ಯಾರು, ತಮ್ಮ ಯಾರು ಎಂದು ತಿಳಿಯದೆ ರಾಮ ಮೊದಲ ಸಲ ಬಾಣವನ್ನೇ ಬಿಡಲಿಲ್ಲ. ಎರಡನೆಯ ಕಾಳಗಕ್ಕೆ ಮುಂಚೆ, ಗುರುತಿಗೆಂದು ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಹೂಬಳ್ಳಿ ಹಾಕಿಸಿದ.

ಸ್ಟೋರಿನ ಕಿಟಕಿ ಮುಚ್ಚಿಸಿ, ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿದಂತೆ ಹಿಡಿದೆ. ಬೆಳಕು ಓರೆಯಾಗಿ ಬಿದ್ದರೆ ಸವೆದ ಕೆತ್ತನೆಯೂ ನೆರಳು ಬಿಡುತ್ತದೆ. ಒಬ್ಬನ ಕೊರಳಿನಿಂದ ಹೊಕ್ಕುಳವರೆಗೆ ದಪ್ಪ ಮಾಲೆಯೊಂದು ಎದ್ದಿತು. ಇನ್ನೊಬ್ಬನಿಗೆ ಅದಿರಲಿಲ್ಲ. ಇಬ್ಬರಲ್ಲೂ, ಸೊಂಟದ ಬಟ್ಟೆಯ ತುದಿಯೆಂದು ನಾನು ತಿಳಿದಿದ್ದ ಉಬ್ಬುಗೆರೆ ಕೆಳಗೆ ಇಳಿಯದೆ ಬೆನ್ನ ಹಿಂದೆ ಮೇಲಕ್ಕೆ ಸುತ್ತಿಕೊಂಡಿತ್ತು. ಅದರಲ್ಲಿ ನೆರಿಗೆಯ ಗೆರೆಗಳೂ ಇರಲಿಲ್ಲ. ಅದು ಬಾಲ.

ಇಬ್ಬರನ್ನೂ ಕರೆಸಿ ತೋರಿಸಿದೆ. ಶಿವಣ್ಣ ಕಲ್ಲಿಗೆ ಕೈಮುಗಿದರು. ಜಯಮ್ಮ ಟಾರ್ಚ್ ಇಸಿದುಕೊಂಡು ಬಹಳ ಹೊತ್ತು ನೋಡಿದರು.

“ಬಾಲ ಕಾಣ್ತದೆ ಬುಡಿ” ಎಂದರು ಕೊನೆಗೆ. “ಅಂಗಾರೆ ನಮ್ದೆಲ್ಲಿ ಮೇಡಂ?”

ಒಂದು ಕಲ್ಲನ್ನು ಸರಿಯಾಗಿ ಓದಿದ್ದೇ ಆ ಹೆಂಗಸಿನ ಪಾಲಿಗೆ ನಷ್ಟವಾಗಿತ್ತು.

“ಸಿಕ್ಕರೆ ನಮ್ದು ಅಂತ ಎಂಗೆ ತಿಳೀತದೆ?” ಎಂದು ಅವರೇ ಕೇಳಿದರು.

ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ ಹೇಳಿದೆ: ಕುಸ್ತಿಯವರ ಬೆನ್ನಿಗೆ ಬಾಲ ಇರಬಾರದು, ಪಕ್ಕದಲ್ಲಿ ನಿಂತವನ ಎರಡು ಕೈಗಳನ್ನು ನೋಡಿ, ಕಡ್ಡಿ ಸೀಳುವಂತಿದ್ದರೆ ಅವನು ಕೃಷ್ಣ, ಪಕ್ಕದಲ್ಲೇ ಎರಡು ಹೋಳಾದ ದೇಹ ಬಿದ್ದಿರಬಹುದು. ಜಯಮ್ಮ ತಮ್ಮ ಎರಡು ಕೈಗಳಲ್ಲೂ ಕಡ್ಡಿ ಹಿಡಿದಂತೆ ಮಾಡಿ, “ಇಂಗೆ?” ಎಂದರು. “ಹಾಗೇ ಕಣಮ್ಮ” ಎಂದೆ.

ಅವರ ಕಲ್ಲು ಇನ್ನೂ ಸಿಕ್ಕಿಲ್ಲ. ಫಲಕಕ್ಕೆ ಹೆಸರಿಟ್ಟ ಮಾತ್ರಕ್ಕೆ ನನ್ನ ಕೆಲಸ ಮುಗಿಯುವುದಿಲ್ಲ, ಅದನ್ನು ಓದುವ ಬಗೆಯನ್ನು ಗೋಡೆ ಕಾಯುವವರಿಗೂ ಕೊಡಬೇಕು ಎಂದು ತಿಳಿದದ್ದು ಆ ದಿನ. ನಿವೃತ್ತಳಾದ ಮೇಲೂ ಯಾವುದಾದರೂ ಊರಿನ ಗುಡಿಗೆ ಹೋದರೆ ಅಲ್ಲಿನವರನ್ನು ಕರೆದು, ಗೋಡೆಯ ಸಾಲನ್ನು ಬಲದಿಂದ ಎಡಕ್ಕೆ ಅವರ ಬಾಯಲ್ಲೇ ಹೇಳಿಸುತ್ತೇನೆ.