ಕಡ್ಡಿಯಕ್ಕ ಮಗಳಿಗೆ ಹೊಲಿದ ಗೌನು

ಕಡ್ಡಿಯಕ್ಕ ಅನ್ನುವ ಹೆಸರು ಅವಳಿಗೆ ಅರ್ಧ ಕೆಲಸದಿಂದ ಬಂದದ್ದು, ಅರ್ಧ ಬಾಯಿಂದ. ಮದುವೆ ಗೌನು ಹೊಲಿಯುವ ಆ ಅಂಗಡಿಯಲ್ಲಿ ಲೇಸು ಹಚ್ಚಲು, ಮಣಿ ಪೋಣಿಸಲು ಬೇರೆಯವರಿದ್ದರು. ಭುಜಕ್ಕೆ ಪಟ್ಟಿಯಿಲ್ಲದ ಗೌನು ಮೈಮೇಲೆ ಜಾರದೆ ನಿಲ್ಲುವಂತೆ ಒಳಗಡೆ ಕಡ್ಡಿ ಕೂರಿಸುವ ಕೆಲಸ ಮಾತ್ರ ಇವಳದು. ಇನ್ನು ಬಾಯಿ. ಯಾರೇ ಬರಲಿ, ಎಂಥ ದೊಡ್ಡ ಮನೆಯವರೇ ಬರಲಿ, ಹೇಳಬೇಕಾದ್ದನ್ನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಡುವಳು. "ಇದು ನಿಮಗೆ ಹೊಂದಲ್ಲ, ಬೇರೆ ನೋಡಿ" ಅಂತ ಮುಖಕ್ಕೇ ಹೇಳಿ ಎಷ್ಟೋ ಗಿರಾಕಿಗಳನ್ನು ಅಳಿಸಿದ್ದಳು. ಅಂಗಡಿಯ ಯಜಮಾನಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ಅತ್ತುಕೊಂಡು ಹೋದವರೇ ತಿರುಗಿ ಇವಳನ್ನೇ ಕೇಳಿಕೊಂಡು ಬರುತ್ತಿದ್ದುದರಿಂದ ಸುಮ್ಮನಾಗುತ್ತಿದ್ದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಅವಳ ಮೇಜು. ಮೇಜಿನ ಮೇಲೆ ಬೆಳ್ಳಗೆ ಬಣ್ಣ ಹೊಡೆದ ಚಪ್ಪಟೆ ಉಕ್ಕಿನ ಪಟ್ಟಿಗಳು, ತಂತಿಯನ್ನು ಒತ್ತೊತ್ತಾಗಿ ಸುತ್ತಿ ತಟ್ಟಿದಂತಿರುವ ಸುರುಳಿ ಉಕ್ಕು, ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕಡ್ಡಿಯ ಸುತ್ತು. ಪ್ಲಾಸ್ಟಿಕ್ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಮೈ ಬಿಸಿಗೆ ಮೆತ್ತಗಾಗತ್ತೆ, ಸೊಂಟದ ಹತ್ರ ಮಡಚಿಕೊಂಡು ಹಾಗೇ ನಿಂತುಬಿಡತ್ತೆ. ಮದುವೆ ಹೆಣ್ಣು ಒಂದು ಸಲ ಕೂತು ಎದ್ರೆ ಮುಗೀತು" ಅನ್ನುವಳು. ಚಪ್ಪಟೆ ಉಕ್ಕು ಹಿಂದೆ ಮುಂದೆ ಬಾಗುತ್ತದೆಯೇ ಹೊರತು ಪಕ್ಕಕ್ಕೆ ಬಾಗುವುದಿಲ್ಲ. ಆದ್ದರಿಂದ ಅದು ಬೆನ್ನಿನ ಜಿಪ್ಪಿನ ಇಕ್ಕೆಲಕ್ಕೆ, ನೆಟ್ಟಗೆ ನಿಲ್ಲಬೇಕಾದ ಜಾಗಕ್ಕೆ. ಎದೆಯ ಉಬ್ಬಿನ ಮೇಲೆ, ಸೊಂಟದ ತಗ್ಗಿನಲ್ಲಿ ಹಾದುಹೋಗುವ ವಾರೆ ಹೊಲಿಗೆಗಳಿಗೆ ಸುರುಳಿ ಉಕ್ಕೇ ಆಗಬೇಕು, ಅದು ಎತ್ತ ಬೇಕಾದರೂ ಬಳುಕುತ್ತದೆ. ಕತ್ತರಿಸಿದ ತುದಿ ಚುಚ್ಚದಂತೆ ಅದಕ್ಕೊಂದು ಲೋಹದ ಟೋಪಿ ಒತ್ತಬೇಕು. "ನಾನು ಜನ್ಮದಲ್ಲಿ ಟೋಪಿ ಹಾಕಿದ್ದು ಅಂದ್ರೆ ಈ ಕಡ್ಡಿಗಳಿಗೆ ಮಾತ್ರ" ಅಂತ ಅವಳೇ ನಗುತ್ತಿದ್ದಳು.

ಕಡ್ಡಿ ಕೂರುವ ಉದ್ದನೆಯ ಗೂಡಿಗೆ ಅಲ್ಲಿ ಎಲ್ಲರೂ ಚಾನೆಲ್ ಅನ್ನುತ್ತಿದ್ದರು. ಅವಸರದ ಕೆಲಸವಾದರೆ ಹೊಲಿಗೆಯ ಒಳಗೆ ಉಳಿದ ಬಟ್ಟೆಯಂಚನ್ನೇ ಮಡಚಿ ಹೊಲಿದು ಚಾನೆಲ್ ಮಾಡಬಹುದು. ಒಳಗಿನ ಅಸ್ತರಿಯ ಎರಡು ಪದರ ಸೇರಿಸಿ ಸಾಲಾಗಿ ಹೊಲಿದರೂ ಆಗುತ್ತದೆ. ಮೈ ನಾಜೂಕಾಗಿದ್ದರೆ ಒಳಮೈಗೆ ತುಪ್ಪಳದಂತಿರುವ ಪಟ್ಟಿಯನ್ನು ಬೇರೆಯಾಗಿ ತಂದು ಎರಡೂ ಅಂಚು ಹೊಲಿಯಬೇಕು. ಯಾವುದೇ ಆಗಲಿ, ಕಡ್ಡಿ ಚಾನೆಲಿಗಿಂತ ಒಂದಿಷ್ಟು ಗಿಡ್ಡವಿರಬೇಕು, ಮೇಲೂ ಕೆಳಗೂ ಉಸಿರಾಡುವಷ್ಟು ಜಾಗ ಬೇಕು. ಇಲ್ಲದಿದ್ದರೆ ತುದಿ ಬಟ್ಟೆಯನ್ನು ತಿಂದು ಹೊರಗೆ ಬಂದು ಮೈಗೆ ತಿವಿಯುತ್ತದೆ.

ಇದೆಲ್ಲ ಗೊತ್ತಿದ್ದ ಹೆಂಗಸಿಗೆ ದೇವರು ಬೆನ್ನು ಸೊಟ್ಟಗಿರುವ ಮಗಳನ್ನು ಕೊಟ್ಟಿದ್ದ. ಇದಕ್ಕೆ ಏನನ್ನೋಣ.

ಹುಟ್ಟಿನಿಂದ ಬಂದದ್ದಲ್ಲ. ಹುಡುಗಿ ಎತ್ತರ ಬೆಳೆಯುವ ವಯಸ್ಸಿನಲ್ಲಿ ಬೆನ್ನುಮೂಳೆ ಬಲಕ್ಕೆ ವಾಲುತ್ತ ಹೋಯಿತು. ಬಲ ಹೆಗಲ ಹಿಂದಿನ ರೆಕ್ಕೆಮೂಳೆ ಹೊರಗೆ ಬಂತು, ಎಡ ಸೊಂಟ ಒಳಗೆ ಸೇರಿತು. ಗಂಡ ಸತ್ತ ಹೊಸದು, ತಾಯಿಗೆ ತನ್ನ ಮೈಮೇಲೇ ಎಚ್ಚರವಿರಲಿಲ್ಲ; ಕಣ್ಣಿಗೆ ಬೀಳುವ ಹೊತ್ತಿಗೆ ಮೂಳೆ ಬಲಿತಿತ್ತು. ಪ್ರಾಣಕ್ಕೇನೂ ಭಯವಿಲ್ಲ ಎಂದರು ಡಾಕ್ಟರು. ಈಜಲಿ, ವ್ಯಾಯಾಮ ಮಾಡಲಿ, ಆದರೆ ಬಿಗಿದು ಕಟ್ಟಿ ನೆಟ್ಟಗೆ ಮಾಡುವ ಹುಚ್ಚು ಬೇಡ, ಎಡಗಡೆಯ ಶ್ವಾಸಕೋಶಕ್ಕೆ ಮೊದಲೇ ಜಾಗ ಕಮ್ಮಿ ಎಂದರು. ಹುಡುಗಿ ದೊಗಲೆ ಅಂಗಿ ಹಾಕಿಕೊಂಡು ಓದಿದಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಗೆ ತಲೆನೋವಿನ ಮಾತ್ರೆಗೆ ಬರುತ್ತಿದ್ದ ಒಬ್ಬ ಹುಡುಗ ತಲೆನೋವು ಹೋದ ಮೇಲೂ ಬರತೊಡಗಿದ. ಬೆನ್ನಿನ ವಿಷಯ ಅವಳೇ ಹೇಳಿದಳು. "ಸ್ವಲ್ಪ ಸೊಟ್ಟ ತಾನೆ, ಇರಲಿ ಬಿಡು" ಅಂದನಂತೆ. ದೊಗಲೆ ಅಂಗಿಯ ಮೇಲಿಂದ ನೋಡಿದವನಿಗೆ ಎಷ್ಟು ಗೊತ್ತಾಗಿತ್ತೋ.

ಮದುವೆ ಗೊತ್ತಾದಾಗ ಗೌನನ್ನು ಇನ್ನೊಬ್ಬರ ಕೈಗೆ ಕೊಡುವ ಮಾತೇ ಇರಲಿಲ್ಲ. ಕಡ್ಡಿಯಕ್ಕ ಮಗಳ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಅಳತೆ ಕಾಗದ ಕತ್ತರಿಸಿದಳು. ಎರಡು ಬದಿಯ ಹೊಲಿಗೆಗಳು ಒಂದಕ್ಕೊಂದು ಹೋಲುತ್ತಲೇ ಇರಲಿಲ್ಲ, ಮೈ ಹೋದ ಕಡೆ ಅವು ಹೋದವು. ಉದ್ದಕ್ಕೂ ಸುರುಳಿ ಉಕ್ಕು, ಬಲ ರೆಕ್ಕೆಮೂಳೆಯ ಮೇಲೆ ತುಪ್ಪಳದ ಪಟ್ಟಿ. ಕೊನೆಗೆ ಸೊಂಟದ ಪಟ್ಟಿ. ನೋಡುವವರಿಗೆ ಅದೊಂದು ಗೆರೆಗೆರೆಯ ಗಟ್ಟಿ ರಿಬ್ಬನ್, ಅಷ್ಟೇ. ಆದರೆ ಇಡೀ ಗೌನಿನ ಭಾರ ಹೊರುವುದು ಅದೇ. ಒಳಗಡೆ ಸೊಂಟದ ಗೆರೆಯಲ್ಲಿ ಹೊಲಿಗೆ ಹೊಲಿಗೆಗೂ ಟಾಕು ಹಾಕಿ, ಬೆನ್ನಿನ ಹತ್ತಿರ ತುದಿಗಳನ್ನು ಬಿಡಿಯಾಗಿ ಬಿಟ್ಟಿರುತ್ತಾರೆ. ಮೊದಲು ಅದರ ಕೊಂಡಿ ಹಾಕಬೇಕು, ಆಮೇಲೆ ಜಿಪ್ಪು. ಆಗ ಲಂಗದ ತೂಕ ಸೊಂಟದ ಮೇಲೆ ಕೂರುತ್ತದೆ, ಮೇಲ್ಭಾಗ ಜಾರುವುದಿಲ್ಲ, ಜಿಪ್ಪಿನ ಮೇಲೂ ಎಳೆತ ಬೀಳುವುದಿಲ್ಲ. ಮಗಳ ಸೊಂಟ ಓರೆ. ಕಡ್ಡಿಯಕ್ಕ ಪಟ್ಟಿಯನ್ನೂ ಓರೆಯಾಗಿಯೇ ಹೊಲಿದಳು.

ಹುಡುಗಿ ತೊಟ್ಟು ನೋಡಿದಳು. ಬಗ್ಗಿದಳು, ಕೂತಳು, ಎರಡೂ ಕೈ ಮೇಲೆತ್ತಿದಳು. "ಅಮ್ಮಾ, ಇದನ್ನ ಹಾಕ್ಕೊಂಡು ಹೊಟ್ಟೆತುಂಬ ಊಟ ಮಾಡಬಹುದು ಕಣೆ!" ಅಂತ ಕೋಣೆಯಲ್ಲೆಲ್ಲ ಗಿರಗಿರ ತಿರುಗಿದಳು. ಸೊಟ್ಟ ಕಾಣುತ್ತಿತ್ತೆ? ಕಾಣುತ್ತಿತ್ತು. ಮೈ ಹೇಗಿತ್ತೋ ಹಾಗೆ ಕಾಣುತ್ತಿತ್ತು, ಮತ್ತು ಚೆಂದ ಕಾಣುತ್ತಿತ್ತು.

ಅದೇ ಹೊತ್ತಿಗೆ ಹುಡುಗನ ತಾಯಿ ಗೌನು ನೋಡಲು ಬಂದಳು. ಕೆಟ್ಟ ಹೆಂಗಸೇನಲ್ಲ. ದನಿ ಎತ್ತಲಿಲ್ಲ, ಮುಖ ಸಿಂಡರಿಸಲಿಲ್ಲ. ಕನ್ನಡಿಯಲ್ಲಿ ಹುಡುಗಿಯ ಬೆನ್ನನ್ನು ಸ್ವಲ್ಪ ಹೊತ್ತು ನೋಡಿ, "ಫೋಟೋದಲ್ಲೂ ಹೀಗೇ ಬರತ್ತಾ?" ಅಂತಷ್ಟೇ ಕೇಳಿದಳು.

ಎಂಥೆಂಥವರ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ ಹೆಂಗಸು! ಆವತ್ತು ಒಂದು ಮಾತು ಆಡಬೇಕಿತ್ತು. ಹೌದಮ್ಮ, ನನ್ನ ಮಗಳು ಇರೋದೇ ಹೀಗೆ, ಅಂತ. ಸಂಬಂಧ ತಪ್ಪಿಹೋದರೆ ಅನ್ನುವ ಭಯಕ್ಕೆ ಕಡ್ಡಿಯಕ್ಕನ ಬಾಯಿಂದ ಬಂದದ್ದೇ ಬೇರೆ.

"ಇಲ್ಲ ಇಲ್ಲ, ಇದಿನ್ನೂ ಟ್ರಯಲ್ಲು. ಸರಿ ಮಾಡ್ತೀನಿ."

ತಿರುಗುತ್ತಿದ್ದ ಹುಡುಗಿ ಹಾಗೇ ನಿಂತಳು. ಅಮ್ಮನ ಮುಖ ನೋಡಿದಳು. ಗೌನು ಬಿಚ್ಚಿ ಮೇಜಿನ ಮೇಲಿಟ್ಟಳು.

ಕಡ್ಡಿಯಕ್ಕ ಅದನ್ನೆತ್ತಿ ಬೀರುವಿನಲ್ಲಿಟ್ಟು ಹೊಸದಾಗಿ ಶುರು ಮಾಡಿದಳು. ಈ ಸಲ ಒಂದೇ ಕಾಗದ, ಅದನ್ನೇ ಮಗುಚಿ ಎರಡೂ ಬದಿ. ತನ್ನ ಕಸುಬಿನಲ್ಲಿ ಯಾವುದು ತಪ್ಪೋ ಅದನ್ನೆಲ್ಲ ತಿಳಿದೂ ತಿಳಿದೂ ಮಾಡಿದಳು. ಎಡ ಸೊಂಟದ ತಗ್ಗಿಗೆ ಹತ್ತಿಯ ಪದರ ತುಂಬಿದಳು. ಬಳುಕಬೇಕಾದ ಹೊಲಿಗೆಗಳಲ್ಲಿ ಚಪ್ಪಟೆ ಉಕ್ಕು ನಿಲ್ಲಿಸಿದಳು, ಬಟ್ಟೆ ಹರಿಯದಿರಲೆಂದು ದಪ್ಪ ಹತ್ತಿ ಪಟ್ಟಿಯ ಚಾನೆಲ್ ಹೊಲಿದಳು. ಸೊಂಟದ ಪಟ್ಟಿಯನ್ನು ಮಗಳ ಸೊಂಟಕ್ಕಲ್ಲ, ನೆಲಕ್ಕೆ ಸಮನಾಗಿ ಹಿಡಿದು, ಗಿಡ್ಡ ಮಾಡಿ, ಬಿಗಿಯಾಗಿ ಕೂರಿಸಿದಳು. ಓರೆ ಸೊಂಟದ ಮೇಲೆ ಸಮನಾದ ಪಟ್ಟಿ ಒಂದು ಕಡೆ ಪಕ್ಕೆಲುಬಿಗೆ ಏರಿ ಕೂರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮದುವೆ ದಿನ ಹುಡುಗಿ ದೀಪದ ಕಂಬದ ಹಾಗೆ ನೆಟ್ಟಗೆ ನಿಂತಿದ್ದಳು. ಹೊಗಳದವರಿಲ್ಲ. ಊಟಕ್ಕೆ ಕೂತಾಗ ತಟ್ಟೆಯನ್ನು ಸುಮ್ಮನೆ ಕೆದಕಿ ಎದ್ದದ್ದನ್ನು ತಾಯಿ ಒಬ್ಬಳೇ ನೋಡಿದಳು. ಒಂದು ದಿನದ ಮಾತು ತಾನೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ದಿನದ ಮಾತಾಗಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ, ಮಧ್ಯಾಹ್ನ, ಮಗಳು ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಅಂಗಿಯ ಕೆಳಗೂ ಮೈ ನೆಟ್ಟಗಿತ್ತು. ಬಾಗಿಲು ಹಾಕಿ, ಅಂಗಿ ಬಿಚ್ಚಿ, ಒಳಗೆ ತೊಟ್ಟದ್ದನ್ನು ತೆಗೆದು ಮೇಜಿನ ಮೇಲೆ ಹಾಕಿದಳು. ಅದೇ ಗೌನಿನ ಮೇಲ್ಭಾಗ. ಲಂಗವನ್ನು, ಲೇಸನ್ನು ಕತ್ತರಿಸಿ ತೆಗೆದಿದ್ದಳು.

ಕಡ್ಡಿಯಕ್ಕ ಅದನ್ನು ಮಗುಚಿ ಅಸ್ತರಿ ನೋಡಿದಳು. ಹೇಳಬೇಕಾದ್ದನ್ನೆಲ್ಲ ಅದೇ ಹೇಳಿತು. ಬೆವರಿಗೆ ಉಕ್ಕಿನ ತುದಿಗಳು ತುಕ್ಕು ಹಿಡಿದು ಕಂದು ಕಲೆ ಬಿಟ್ಟಿದ್ದವು. ಬಲಗಡೆಯ ಕಡ್ಡಿಗಳು ರೆಕ್ಕೆಮೂಳೆ ತಳ್ಳಿ ತಳ್ಳಿ ಹೊರಕ್ಕೆ ಬಾಗಿದ್ದವು, ಒಂದು ಚಾನೆಲಿನ ಬುಡ ಹರಿದಿತ್ತು. ಸೊಂಟದ ಪಟ್ಟಿಯ ಕೊಂಡಿಗಳನ್ನು ಯಾರೋ ಹೊಲಿಗೆ ಬಾರದ ಕೈಯಲ್ಲಿ ಕಿತ್ತು, ಇನ್ನಷ್ಟು ಬಿಗಿಯಾಗಲೆಂದು ಒಳಗೆ, ಇನ್ನೂ ಒಳಗೆ ಹೊಲಿದಿದ್ದರು. ಮಗಳ ಪಕ್ಕೆಯ ಮೇಲೆ ಅದೇ ಪಟ್ಟಿಯ ಅಗಲದ ಬರೆ, ಕೆಲವು ಕಡೆ ಚರ್ಮ ಸುಲಿದು ಒಣಗಿತ್ತು.

"ದಿನಾ ಹಾಕ್ಕೊಳ್ತೀಯಾ ಇದನ್ನ?"

"ಮದುವೆ ದಿನ ಹೇಗಿದ್ಯೋ ಹಾಗೇ ಇರು ಅಂತಾರೆ ನಮ್ಮನೆಯವ್ರು. ಬೈದು ಹೇಳಲ್ಲಮ್ಮ, ನಗ್ತಾನೇ ಹೇಳ್ತಾರೆ. ಇದು ಇಲ್ಲದಿದ್ರೆ ಪಕ್ಕದಲ್ಲಿ ನಡೆಯೋಕೂ ಒಂಥರಾ ಮಾಡ್ತಾರೆ."

"ಉಸಿರು?"

"ಮೆಟ್ಟಿಲು ಹತ್ತುವಾಗ ಸ್ವಲ್ಪ ಕಷ್ಟ." ಬಾಗಿದ ಕಡ್ಡಿಯೊಂದನ್ನು ಬೆರಳಲ್ಲಿ ನೇರ ಮಾಡಲು ನೋಡಿದಳು. "ಇವು ಸೋತುಹೋದ್ವು. ಇನ್ನೂ ದಪ್ಪ ಉಕ್ಕು ಹಾಕಿಕೊಡು. ಎಲ್ಲ ಕಡೆ."

ಕಡ್ಡಿಯಕ್ಕ ಎದ್ದು ಬೀರು ತೆಗೆದು ಮೊದಲನೆಯ ಗೌನನ್ನು ತಂದು ಮಗಳ ಕೈಗಿಟ್ಟಳು. "ಇದನ್ನ ಹಾಕ್ಕೋ. ಇದು ನಿನ್ನ ಮೈಗೆ ಹೊಲಿದದ್ದು. ಅವನಿಗೆ ಬೇಡ ಅಂದ್ರೆ ಮನೆಗೆ ಬಾ. ನಾನಿನ್ನೂ ಸತ್ತಿಲ್ಲ."

ಮಗಳು ಗೌನಿನ ಓರೆ ಪಟ್ಟಿಯ ಮೇಲೆ ಕೈಯಾಡಿಸಿದಳು. ಒಂದು ಗಳಿಗೆ ತೊಡುತ್ತಾಳೆಂದೇ ಅನ್ನಿಸಿತು. ಮಡಚಿ ವಾಪಸು ಕೊಟ್ಟಳು.

"ಇದ್ರಲ್ಲಿ ನಾನು ನಾನೇ ಕಾಣ್ತೀನಿ. ಅದನ್ನ ನೋಡಿ ಆವತ್ತು ನಿನಗೇ ನಾಚಿಕೆ ಆಯ್ತಲ್ಲಮ್ಮ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ನಾಚಿಕೆಯಲ್ಲ ಕಣೆ, ಭಯ, ಅನ್ನಬೇಕೆಂದುಕೊಂಡಳು ಕಡ್ಡಿಯಕ್ಕ. ಎರಡಕ್ಕೂ ಈಗ ಏನು ವ್ಯತ್ಯಾಸ?

"ನಾನು ಹಾಕಿಕೊಡಲ್ಲ" ಅಂದಳು.

"ಬಸ್ ನಿಲ್ದಾಣದ ಹತ್ರ ಒಬ್ಬರು ಹೊಲೀತಾರಂತೆ, ಅಲ್ಲಿ ಮಾಡಿಸ್ತೀನಿ. ಆದ್ರೆ ಅವರಿಗೆ ನನ್ನ ಬೆನ್ನು ಗೊತ್ತಿಲ್ಲ. ಎಲ್ಲಿ ಚುಚ್ಚತ್ತೆ ಅಂತ ನಿನಗೇ ತಾನೆ ಗೊತ್ತಿರೋದು."

ಹೊರಗಿನ ಕೋಣೆಯಲ್ಲಿ ಯಾರೋ ಗಿರಾಕಿ ನಗುತ್ತಿದ್ದಳು. ಕಡ್ಡಿಯಕ್ಕ ಹೊಲಿಗೆ ಬಿಚ್ಚುವ ಮುಳ್ಳು ಕೈಗೆತ್ತಿಕೊಂಡಳು. ತುಕ್ಕು ಹಿಡಿದದ್ದನ್ನೆಲ್ಲ ಎಳೆದು ಹಾಕಿದಳು. ಬರೆ ಇದ್ದ ಕಡೆ ತುಪ್ಪಳದ ಪಟ್ಟಿ ಇಟ್ಟು ಹೊಸ ಚಾನೆಲ್ ಹೊಲಿದಳು, ದಪ್ಪ ಉಕ್ಕನ್ನು ಗಿಡ್ಡಕ್ಕೆ ಕತ್ತರಿಸಿ, ತುದಿ ಉಜ್ಜಿ, ಟೋಪಿ ಒತ್ತಿ ಕೂರಿಸಿದಳು. ಅಷ್ಟು ಚೊಕ್ಕ ಕೆಲಸ ಅವಳು ಯಾರಿಗೂ ಮಾಡಿರಲಿಲ್ಲ. ಹೊಲಿಯುವಾಗ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಸಂಜೆಗೆ ಮಗಳು ತೊಟ್ಟು ಕನ್ನಡಿಯ ಮುಂದೆ ನಿಂತಳು. ತಾಯಿ ಹಿಂದೆ ನಿಂತು ಸೊಂಟದ ಪಟ್ಟಿಯ ಎರಡು ತುದಿ ಹಿಡಿದು, ಸಡಿಲವಾಗಿಯೇ ಕೊಂಡಿ ಹಾಕಿದಳು. ಮಗಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು.

"ಇನ್ನೂ ಒಂದು ಕೊಂಡಿ, ಅಮ್ಮ."

ಮಗಳು ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು ಕಾದಳು. ಕಡ್ಡಿಯಕ್ಕ ಎಳೆದು ಹಾಕಿದಳು.